ಗುಪ್ತ ದೂರು: ಭಾನುವಾರದ ಸಭೆಗೆ ಮುನ್ನ ಓದಿ

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಿಗ್ಗೆ 11ಕ್ಕೆ ದಾವಣಗೆರೆಯ ನಮ್ಮ ಸಂಘದ ಕೊಠಡಿಯಲ್ಲಿ ಪಿಐಡಿಪಿಐ ದೂರಿನ ಬಗ್ಗೆ, ಅಂದರೆ ಹೆಸರು ಗುಟ್ಟಾಗಿಟ್ಟು ಸಾರ್ವಜನಿಕ ಹಿತಕ್ಕಾಗಿ ಅಕ್ರಮ ತಿಳಿಸುವ ದೂರಿನ ಬಗ್ಗೆ, ಮಾತಾಡೋಣ. 2004ರ ಈ ವ್ಯವಸ್ಥೆಯಲ್ಲಿ ದೂರು ಕೊಡಬಹುದಾದದ್ದು ಕೇಂದ್ರ ಸರ್ಕಾರದ ಕಚೇರಿ, ಬ್ಯಾಂಕ್, ನಿಗಮಗಳ ಅಕ್ರಮದ ಮೇಲೆ ಮಾತ್ರ. ತಾಲ್ಲೂಕು ಕಚೇರಿ, ಪಾಲಿಕೆಯ ವಿಷಯವಾದರೆ ಲೋಕಾಯುಕ್ತಕ್ಕೆ ಹೋಗಬೇಕು.

ದೂರನ್ನು ಮುಚ್ಚಿದ ಲಕೋಟೆಯಲ್ಲಿ ದೆಹಲಿಯ ಕೇಂದ್ರ ಜಾಗೃತ ಆಯೋಗದ ಕಾರ್ಯದರ್ಶಿಗೆ ಕಳಿಸಿ. ಲಕೋಟೆ ಮೇಲೆ ‘ಪಿಐಡಿಪಿಐ’ ಎಂದಿರಲಿ, ನಿಮ್ಮ ಹೆಸರು ಬೇಡ. ಹೆಸರು, ವಿಳಾಸ ಒಳಗಿನ ಪತ್ರದಲ್ಲಿರಲೇಬೇಕು. ಅನಾಮಧೇಯ ದೂರನ್ನು ಈ ವ್ಯವಸ್ಥೆಯಡಿ ಪರಿಗಣಿಸುವುದಿಲ್ಲ. ಆಯೋಗ ಮೊದಲು ‘ದೂರು ನಿಮ್ಮದೇನಾ’ ಎಂದು ಪತ್ರ ಬರೆದು ಕೇಳುತ್ತದೆ. ನೀವು ಹೌದೆಂದು ಉತ್ತರಿಸಿದ ಮೇಲೆ, ಹೆಸರು ಮರೆಮಾಚಿ ತನಿಖೆಗೆ ಕಳಿಸುತ್ತದೆ. ಆ ಪತ್ರ ಬಂದರೆ ಸುಮ್ಮನಿರಬೇಡಿ.

ಗುಟ್ಟು ರಟ್ಟಾಗುವುದು ಹೆಚ್ಚಾಗಿ ನಮ್ಮ ಬರವಣಿಗೆಯಿಂದಲೇ. ‘ಆ ಬಿಲ್ಲಿಗೆ ನಾನು ಸಹಿ ಹಾಕಲಿಲ್ಲ’ ಎಂದು ಬರೆದರೆ ಸಾಹೇಬರಿಗೆ ಆಳು ಗೊತ್ತಾಗಿಬಿಡುತ್ತದೆ. ಬದಲಿಗೆ ‘ಇಂಥ ನಂಬರಿನ ಬಿಲ್ಲಿನ ಸಾಮಾನು ಸ್ಟಾಕ್ ರಿಜಿಸ್ಟರಿನಲ್ಲಿ ಏರಿಲ್ಲ’ ಎನ್ನಿ. ಪ್ರತಿಯನ್ನು ಬೇರೆ ಯಾರಿಗೂ, ಈ ಗುಂಪಿಗಂತೂ ಹಾಕಲೇಬೇಡಿ.

ಅಕ್ರಮ ಬಯಲಿಗೆಳೆದವರಿಗೆ ರಕ್ಷಣೆ ಕೊಡುವ 2014ರ ಸಂರಕ್ಷಣಾ ಕಾಯ್ದೆ ಇನ್ನೂ ಜಾರಿಯಾಗಿಲ್ಲ. ದೂರು ಕೊಟ್ಟಿದ್ದಕ್ಕೆ ಕಿರುಕುಳವಾದರೆ ಸದ್ಯ ಆಯೋಗಕ್ಕೇ ಬರೆಯಬೇಕು.

ಬರುವವರು ಶುಕ್ರವಾರದೊಳಗೆ ‘ಬರ್ತೀನಿ’ ಅಂತಷ್ಟೇ ಹಾಕಿ, ಚಹಾಕ್ಕೆ ಹೇಳಬೇಕು.