ಪಲ್ಯದ ವಿಚಾರವಾಗಿ ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯಾ,

ನೀನು ಕಳಿಸಿದ ಪಲ್ಯದ ಫೋಟೋ ನೋಡಿದೆ. ಅದನ್ನು ದೋಸೆಯೊಳಗೆ ಇಡುವ ಬದಲು ಚುನಾವಣೆಯ ಪೋಸ್ಟರಿನ ಹಿಂದೆ ಬಳಿದಿದ್ದರೆ ಅಭ್ಯರ್ಥಿ ಸೋತರೂ ಪೋಸ್ಟರ್ ಕದಲುತ್ತಿರಲಿಲ್ಲ. ಹೀಗೆ ನಾಲ್ಕು ಜನರೆದುರು ಬೈಯುತ್ತಿದ್ದೇನೆಂದು ಬೇಸರಿಸಬೇಡ. ಶ್ರೀರಂಗಪಟ್ಟಣದ ಛತ್ರಿಯ ಲೆಕ್ಕ ಇನ್ನೂ ಚುಕ್ತಾ ಆಗಿಲ್ಲ.

ನೀನು ಆಲೂಗಡ್ಡೆಯನ್ನು ಹೆಚ್ಚಿ ಬೇಯಿಸಿ, ಬಿಸಿಬಿಸಿಯಾಗಿಯೇ ಅರೆದಿದ್ದೀಯೆ. ಹೆಚ್ಚಿದ ಹೋಳು ನೀರು ಕುಡಿಯುತ್ತದೆ. ಬಿಸಿಯಲ್ಲಿ ಜೋರಾಗಿ ಒತ್ತಿದರೆ ಅದರ ಜೀವಕೋಶಗಳು ಒಡೆದು, ಒಳಗೆ ಉಬ್ಬಿ ನಿಂತ ಪಿಷ್ಟ ಹೊರಬಂದು ಅಂಟಾಗುತ್ತದೆ. ಅರ್ಧ ಕಿಲೋ ಗಡ್ಡೆಯನ್ನು ಸಿಪ್ಪೆಯೊಡನೆ ಇಡಿಯಾಗಿ ಬೇಯಿಸು. ಚಾಕು ಸಲೀಸಾಗಿ ಇಳಿಯಬೇಕು, ಆದರೆ ಸಿಪ್ಪೆ ಬಿರಿಯಬಾರದು. ಪೂರ್ತಿ ಆರಲು ಬಿಡು. ಆರಿದಂತೆ ಪಿಷ್ಟ ಗಟ್ಟಿಯಾಗಿ ಒಳಗೇ ಕೂರುತ್ತದೆ. ಆಮೇಲೆ ಸಿಪ್ಪೆ ಸುಲಿದು ಬೆರಳಿನಿಂದ ಮುರಿ. ಒಂದಿಷ್ಟು ಪುಡಿಯಾಗಲಿ, ಉಳಿದದ್ದು ಸಣ್ಣ ಗಟ್ಟಿಗಳಾಗಿಯೇ ಇರಲಿ.

ನೀರು ಸೇರಬೇಕಾದದ್ದು ಈರುಳ್ಳಿಗೆ. ಎಣ್ಣೆಯಲ್ಲಿ ಸಾಸಿವೆ, ಕಡಲೆಬೇಳೆ, ಉದ್ದಿನಬೇಳೆ, ಇಂಗು, ಹಸಿಮೆಣಸಿನಕಾಯಿ, ಶುಂಠಿ, ಕರಿಬೇವು. ಮೇಲೆ ಉದ್ದಕ್ಕೆ ಸೀಳಿದ ಎರಡು ಈರುಳ್ಳಿ. ಅದು ಬಾಡಬೇಕು, ಕೆಂಪಾಗಬಾರದು. ಅರಿಸಿನ, ಉಪ್ಪು, ಅರ್ಧ ಲೋಟ ನೀರು ಹಾಕಿ ಎರಡು ನಿಮಿಷ ಕುದಿಸಿ ಗಡ್ಡೆ ಸೇರಿಸು. ಪುಡಿಯಾದ ಭಾಗ ಆ ನೀರನ್ನು ಹೀರಿ ಗಟ್ಟಿಗಳನ್ನು ಹಿಡಿದುಕೊಳ್ಳುತ್ತದೆ. ಸೌಟೆಳೆದರೆ ಬಾಣಲೆಯ ತಳ ಕಂಡು, ಪಲ್ಯ ನಿಧಾನವಾಗಿ ಮತ್ತೆ ಕೂಡಿಕೊಳ್ಳುವಾಗಲೇ ಒಲೆ ಆರಿಸು. ಗಟ್ಟಿಯಾಗಲಿ ಎಂದು ಕಾದೆಯೋ, ಆರುವಷ್ಟರಲ್ಲಿ ಬಿಗಿದು ಕೂರುತ್ತದೆ. ನಿಂಬೆರಸ, ಕೊತ್ತಂಬರಿ ಕೊನೆಗೆ. ಖಾರ ಕಡಿಮೆ ಇರಲಿ. ಮೈಸೂರಿನ ದೋಸೆಯಲ್ಲಿ ಆ ಕೆಲಸಕ್ಕೆ ಕೆಂಪು ಚಟ್ನಿ ಇದೆ. ಗರಂ ಮಸಾಲೆ ಹಾಕಿದರೆ ನನ್ನ ನಿನ್ನ ಮಾತುಕತೆ ಬಂದ್.

ಇಷ್ಟೆಲ್ಲ ನನಗೆ ಬಂದದ್ದು ಅಪ್ಪನ ತಕರಾರಿನಿಂದ. ನಿನಗೆ ಗೊತ್ತಲ್ಲ, ಅವರು ಮೊದಲು ದೋಸೆ ಬಿಚ್ಚಿ ಪಲ್ಯವನ್ನು ಪರೀಕ್ಷಿಸಿ, ತೀರ್ಪು ಕೊಟ್ಟ ಮೇಲೆಯೇ ತಿನ್ನುತ್ತಿದ್ದರು. ಈಚೆಗೆ ಏನು ಹಾಕಿದರೂ ಸುಮ್ಮನೆ ತಿನ್ನುತ್ತಾರೆ. ಕಳೆದ ಭಾನುವಾರ ಬೇಕೆಂದೇ ಉಪ್ಪು ಬಿಟ್ಟು ಮಾಡಿದೆ. ‘ಚೆನ್ನಾಗಿದೆ’ ಎಂದರು. ನಾನು ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ ನಿಂತುಕೊಂಡೆ. ಅವರಿಗೆ ರುಚಿ ತಿಳಿಯದಾಗಿದೆಯೋ, ನನ್ನನ್ನು ನೋಯಿಸಬಾರದೆನ್ನುವಷ್ಟು ಮೆತ್ತಗಾಗಿದ್ದಾರೋ, ಯಾವುದನ್ನು ನಂಬಿದರೂ ಹೆದರಿಕೆಯಾಗುತ್ತದೆ.

ಹೋಗಲಿ ಬಿಡು, ಪಲ್ಯದ ಪತ್ರದಲ್ಲಿ ಈ ಪುರಾಣ ಏಕೆ. ನೀನು ಊರಿಗೆ ಬಂದಾಗ ನಿನ್ನ ಕೈಯಾರೆ ಆ ಪೋಸ್ಟರ್ ಪಲ್ಯವನ್ನೇ ಮಾಡಿ ಅವರ ಮುಂದಿಡು. ಅದಕ್ಕೂ ಬೈಯದಿದ್ದರೆ ಡಾಕ್ಟರ ಬಳಿ ಕರೆದೊಯ್ಯುತ್ತೇನೆ. ಬೈದರೆ ಛತ್ರಿಯ ಲೆಕ್ಕ ಮನ್ನಾ.

ಇಂತಿ,
ನಿನ್ನ ಭಟ್ಟ (ಬಿರುದು ನೀನೇ ಕೊಟ್ಟದ್ದು)