ರೆಪೊ ಇಳಿದರೂ ಇಳಿಯದ ಕಂತು

ಮಾನ್ಯರೇ,

ರಿಸರ್ವ್ ಬ್ಯಾಂಕ್ ಬಡ್ಡಿ ಇಳಿಸಿದರೂ ಕಾಸರಗೋಡಿನ ಎಷ್ಟೋ ಮಂದಿಯ ಹಳೆಯ ಮನೆಸಾಲಕ್ಕೆ ಅದರ ಲಾಭ ಬೇಗ ಸಿಗುತ್ತಿಲ್ಲ. 2025ರ ಫೆಬ್ರವರಿಯಿಂದ ಜೂನ್‌ವರೆಗೆ ರಿಸರ್ವ್ ಬ್ಯಾಂಕ್ ಇತರ ಬ್ಯಾಂಕುಗಳಿಗೆ ಸಾಲ ಕೊಡುವ ರೆಪೊ ದರ ಶೇ 6.5ರಿಂದ 5.5ಕ್ಕೆ ಬಂತು. ಷೇರು ಬೆಲೆ, ಸರ್ಕಾರಿ ಬಾಂಡ್‌ಗಳ ಇಳುವರಿ ಇಂಥ ತೀರ್ಮಾನವನ್ನು ಮೊದಲೇ ಊಹಿಸಿ ಏರಿಳಿಯುತ್ತವೆ. ಸಾಲ ಹಾಗಲ್ಲ. ರೆಪೊಗೆ ಜೋಡಿಸಿದ ಸಾಲದ ದರ ಮೂರು ತಿಂಗಳೊಳಗೆ ಬದಲಾಗಬೇಕು. ಬ್ಯಾಂಕು ತನ್ನ ಖರ್ಚು ನೋಡಿ ತಾನೇ ನಿಗದಿ ಮಾಡುವ ಎಂಸಿಎಲ್‌ಆರ್‌ ದರದಲ್ಲಿರುವ ಹಳೆಯ ಸಾಲ ಮಾತ್ರ, ಬ್ಯಾಂಕಿನ ಠೇವಣಿ ಖರ್ಚು ಇಳಿಯುವ ತನಕ ಕಾಯುತ್ತದೆ.

20 ವರ್ಷದ 20 ಲಕ್ಷ ರೂ. ಸಾಲಕ್ಕೆ ಬಡ್ಡಿ ಶೇ 9ರಿಂದ 8ಕ್ಕೆ ಇಳಿದರೆ ತಿಂಗಳ ಕಂತಿನಲ್ಲಿ ಸುಮಾರು 1,265 ರೂ. ಉಳಿಯುತ್ತದೆ. ಸಣ್ಣ ಮೊತ್ತವಲ್ಲ, ಅಲ್ವಾ? ರೆಪೊಗೆ ಬದಲಾಯಿಸಿಕೊಳ್ಳುವ ಅವಕಾಶವಿದೆ ಎಂಬುದನ್ನು ಇಲ್ಲಿನ ಶಾಖೆಗಳು ಕನ್ನಡದಲ್ಲೂ ಫಲಕದಲ್ಲಿ ಬರೆದು ಹಾಕಲಿ.

– ಓದುಗ, ಬದಿಯಡ್ಕ