ಬರಬೇಕು, ಬರಬೇಡ

ಚಿ. ವಿದ್ಯಾಳಿಗೆ ಅಜ್ಜಿಯ ಆಶೀರ್ವಾದಗಳು.

ನಿನ್ನ ಕಾಗದ ಬಂದು ನಾಲ್ಕು ದಿನವಾಯಿತು. ಉಳಿದ ವಿಷಯಗಳನ್ನು ನಿನ್ನ ಅಮ್ಮ ಫೋನಿನಲ್ಲಿ ಹೇಳಿರುತ್ತಾಳೆ. ನನ್ನನ್ನು ಕಾಡಿದ್ದು ಕೊನೆಯ ಪುಟದಲ್ಲಿ ನೀನು ಬರೆದ ಎರಡು ಸಾಲು. ನಾನು ಸ್ಕ್ಯಾನ್ ಮಾಡಿ ಕಳಿಸುತ್ತಿರುವ ಅಜ್ಜನ ಪತ್ರಗಳನ್ನು ಮನೆಯ ಪುಸ್ತಕಕ್ಕಾಗಿ ಟೈಪ್ ಮಾಡುವಾಗ ಎಲ್ಲಿಯಾದರೂ ಒಂದು ಅಕ್ಷರವನ್ನು ತಪ್ಪಾಗಿ ಓದಿ, ಅವರು ಆಡದ ಮಾತನ್ನು ಅವರ ಬಾಯಲ್ಲಿ ಆಡಿಸಿಬಿಟ್ಟೇನೋ ಎಂದು ಹೆದರಿಕೆಯಾಗುತ್ತದೆ, ಅಚ್ಚಾದ ಮೇಲೆ ಅದೇ ಅವರ ಮಾತಾಗಿ ಉಳಿದುಬಿಡುತ್ತದಲ್ಲ ಎಂದು ಕೇಳಿದ್ದೀಯೆ. "ಹಾಗೇನೂ ಆಗುವುದಿಲ್ಲ, ಹೆದರಬೇಡ" ಎಂದು ಬರೆದು ಮುಗಿಸೋಣವೆಂದು ಕುಳಿತೆ. ಬರೆಯಲಾಗಲಿಲ್ಲ. ಹಾಗೆ ಆಗುತ್ತದೆ ಮಗಳೇ, ನನ್ನಿಂದಲೇ ಆಗಿದೆ.

ಮೊದಲು ಸಣ್ಣ ತಪ್ಪನ್ನು ಒಪ್ಪಿಕೊಳ್ಳುತ್ತೇನೆ. ಕಳೆದ ವರ್ಷ ಹತ್ತು ಹನ್ನೆರಡು ಪತ್ರಗಳನ್ನು ನಾನೇ ನೋಟ್‌ಬುಕ್ಕಿನಲ್ಲಿ ನಕಲು ಮಾಡಿದ್ದೆನಲ್ಲ, ಅದನ್ನು ನಂಬಬೇಡ. ನಿನ್ನ ಅಜ್ಜ ಒತ್ತಕ್ಷರ ತಪ್ಪಿದವರಲ್ಲ, ಆದರೆ ಮಹಾಪ್ರಾಣಕ್ಕೂ ಅವರಿಗೂ ಆಗಿಬರುತ್ತಿರಲಿಲ್ಲ; 'ಸಂಬಂದ' ಎಂದೇ ಬರೆಯುವರು, 'ವಿದ್ಯಾಬ್ಯಾಸ' ಎಂದೇ ಬರೆಯುವರು. ಮೂವತ್ತು ವರ್ಷ ಕಾಪಿ ತಿದ್ದಿದ ಕೈ ಸುಮ್ಮನಿರದೆ ಎಲ್ಲವನ್ನೂ ತಿದ್ದಿಬಿಟ್ಟಿದೆ. ಓದಿದರೆ ಯಾರೋ ಪಂಡಿತರು ಬರೆದ ಹಾಗಿದೆ, ಅವರ ದನಿಯೇ ಇಲ್ಲ. ನೀನು ಸ್ಕ್ಯಾನ್ ನೋಡಿಯೇ ಟೈಪ್ ಮಾಡು, ತಪ್ಪಿದ್ದರೆ ತಪ್ಪನ್ನೇ ಹಾಕು.

ದೊಡ್ಡದು ಬೇರೆ ಇದೆ. ಇದನ್ನು ನಿನ್ನ ಅಮ್ಮನಿಗೂ ಹೇಳಿಲ್ಲ.

ನೀಲಿ ಇನ್‌ಲ್ಯಾಂಡ್ ಕಾಗದಗಳ ಕಟ್ಟಿನಲ್ಲಿ ಒಂದರ ತಲೆಯಲ್ಲಿ "ನಳ ಸಂ|| ಕಾರ್ತಿಕ ಬ||" ಎಂದಷ್ಟೇ ಇದೆ, ಇಸವಿ ಇಲ್ಲ, ಅಂಚೆಯ ಮುದ್ರೆ ಕಲೆಸಿಹೋಗಿದೆ. ಸಂವತ್ಸರಗಳ ಚಕ್ರ ಅರವತ್ತು ವರ್ಷಕ್ಕೊಮ್ಮೆ ತಿರುಗುವುದರಿಂದ ಅವರ ಆಯುಷ್ಯದಲ್ಲಿ ಬಂದ ನಳ ಒಂದೇ, 1976ರ ಯುಗಾದಿಯಿಂದ ಮರುವರ್ಷದ ಯುಗಾದಿಯವರೆಗೆ. ಕಾರ್ತಿಕ ಬಹುಳವೆಂದರೆ ಆ ವರ್ಷದ ನವೆಂಬರ್. ನನಗೆ ಈ ಲೆಕ್ಕ ಬೇಕಿರಲಿಲ್ಲ. ಆ ನವೆಂಬರ್ ನನಗೆ ಮರೆತಿಲ್ಲ. ನಾನು ತೀರ್ಥಹಳ್ಳಿ ಕಡೆಯ ಶಾಲೆಯಲ್ಲಿದ್ದೆ, ಅವರು ಸಾಗರದಲ್ಲಿ ಮಾವಯ್ಯನ ಹತ್ತಿರ. ಪತ್ರದ ಕೊನೆಯಲ್ಲಿ ಅವರು ಬರೆದಿರುವುದು ಇಷ್ಟು: "ಅಪ್ಪಯ್ಯನ ಜ್ವರ ಇಳಿದಿಲ್ಲ. ನಿನಗೆ ಶಾಲೆಯ ತನಿಖೆ ಇದೆ. ಈ ವಾರ ನೀನು ಬರಬೇ". ಮುಂದಿನ ಅಕ್ಷರ ಅರ್ಧವೇ ಇದೆ. ಇನ್‌ಲ್ಯಾಂಡ್ ಮಡಿಸಿದರೆ ಅದರ ಬದಿಯ ಪಟ್ಟಿಗೆ ಅಂಟು ಇರುತ್ತಿತ್ತು. ಜಾಗ ಸಾಲದಾಗ ಇವರು ಆ ಅಂಟಿನ ಮೇಲೂ ಬರೆದುಬಿಡುವರು. ಶಾಲೆಯ ಗಂಟೆ ಹೊಡೆಯುವ ಹೊತ್ತಿಗೆ ಬಂದ ಕಾಗದವನ್ನು ನಾನು ಬ್ಲೇಡು ಹುಡುಕದೆ ಬೆರಳಿನಿಂದಲೇ ಹರಿದೆ. ಒಂದು ತಲೆಕಟ್ಟು, ಅದರ ಕೆಳಗೆ ಒಂದು ಬಾಗು ಉಳಿಯಿತು. ಅದು 'ಕ'ವೂ ಆಗಬಹುದು, 'ಡ'ವೂ ಆಗಬಹುದು. ತನಿಖೆಯ ಮಾತು ಹಿಂದೆಯೇ ಇದ್ದುದರಿಂದ ನಾನು "ಬರಬೇಡ" ಎಂದು ಓದಿಕೊಂಡೆ. ಹೋಗಲಿಲ್ಲ.

ಆ ವಾರದಲ್ಲಿ ಏನಾಯಿತೆಂಬುದು ನಿಮಗೆಲ್ಲ ಗೊತ್ತಿರುವುದೇ. ಯಾಕೆ ಬರಲಿಲ್ಲ ಎಂದು ಅವರು ಒಂದು ದಿನವೂ ಕೇಳಲಿಲ್ಲ. ಬೇಡವೆಂದವರು ಅವರೇ, ಕೇಳುವುದೇನಿದೆ ಎಂದು ನಾನು ಸಮಾಧಾನ ಮಾಡಿಕೊಂಡೆ.

ಮೊನ್ನೆ ಅದನ್ನು ಸ್ಕ್ಯಾನ್ ಮಾಡಲು ತೆಗೆದಾಗ, ವಿಳಾಸವಿರುವ ಹೊರಮೈಯನ್ನೂ ಬಿಡಬಾರದೆಂದು ತಿರುಗಿಸಿ ಇಟ್ಟೆ. ಅಂಚಿನಲ್ಲಿ ಹುಲ್ಲುಕಡ್ಡಿಯಷ್ಟು ಅಗಲದ ಕಾಗದದ ಎಳೆಯೊಂದು ಮಗುಚಿ ಅಂಟಿಕೊಂಡಿತ್ತು. ನಾನು ಹರಿದ ಪಟ್ಟಿಯ ಚೂರು ಅದು. ಇಷ್ಟು ವರ್ಷ ಒಳಮೈಯನ್ನೇ ಓದಿದವಳು ಹೊರಗೆ ನೋಡಿರಲೇ ಇಲ್ಲ. ಬಿಡಿಸಲು ಹೋದರೆ ಪುಡಿಯಾಗುತ್ತಿತ್ತು. ಕಾಗದವನ್ನು ಬೆಳಗಿನ ಕಿಟಕಿಯ ಗಾಜಿಗೆ ಹಿಡಿದು ಮೊಬೈಲಿನಲ್ಲಿ ಫೋಟೋ ತೆಗೆದೆ. ಬರಹ ಅಂಟಿನ ಕಡೆಗಿರುವುದರಿಂದ ಶಾಯಿ ಕನ್ನಡಿಯಲ್ಲಿ ಕಂಡಂತೆ ಎಡಬಲವಾಗಿ ಕಾಣುತ್ತದೆ. ಚಿತ್ರವನ್ನು ಮಗುಚಿ ದೊಡ್ಡದು ಮಾಡಿದಾಗ ಸಾಲಿನಿಂದ ಕೆಳಗಿಳಿದು ಮತ್ತೆ ಮೇಲಕ್ಕೆ ಸುತ್ತಿದ ಒಂದು ಕೊಕ್ಕೆ ಕಂಡಿತು. ಅದೇ ಪತ್ರದಲ್ಲಿರುವ ಅವರ 'ಡ'ಗಳನ್ನೆಲ್ಲ ಎಣಿಸಿದೆ, ಒಂಬತ್ತು. ಒಂದೂ ಸಾಲಿನ ಕೆಳಗೆ ಇಳಿದಿಲ್ಲ. ಅವರ ಕೊಂಬು ಮಾತ್ರ, 'ಕು' ಇರಲಿ 'ತು' ಇರಲಿ, ಹಾಗೆಯೇ ಇಳಿದು ಸುತ್ತಿಕೊಳ್ಳುತ್ತದೆ.

ಒಂದು ಅಕ್ಷರ ತಪ್ಪಿದರೆ ಏನಾಗುತ್ತದೆ ಎಂದು ನೀನು ಕೇಳಿದ್ದಕ್ಕೆ ನನ್ನಲ್ಲಿರುವ ಉತ್ತರ ಇದು. ಸಮಾಧಾನದ ಉತ್ತರವಲ್ಲ, ಕ್ಷಮಿಸು. ಆದರೆ ನಿನ್ನ ಹೆದರಿಕೆಗೂ ನನ್ನ ತಪ್ಪಿಗೂ ಒಂದು ವ್ಯತ್ಯಾಸವಿದೆ. ನನಗೆ ಅನುಮಾನವೇ ಬಂದಿರಲಿಲ್ಲ. ಅರ್ಧ ಅಕ್ಷರವನ್ನು ಕಣ್ಣು ತಾನಾಗಿ ತುಂಬಿಕೊಂಡು ಮುಂದೆ ಹೋಗಿತ್ತು. ನಿನಗೆ ಅನುಮಾನ ಬರುತ್ತಿದೆ, ಹಾಗಿದ್ದರೆ ಅದನ್ನು ಪುಸ್ತಕದಲ್ಲಿಯೂ ಕಾಣಿಸಬಹುದಲ್ಲ. ಅಜ್ಜನ ಕೈಯಲ್ಲಿ ಕಾಣದ, ನೀನು ಊಹಿಸಿ ಸೇರಿಸಿದ ಅಕ್ಷರವನ್ನು ಚೌಕ ಆವರಣದಲ್ಲಿ ಇಡು, ಬರಬೇ[ಕು] ಎಂದು. ಊಹೆಗೂ ಸಿಗದಿದ್ದರೆ ಆವರಣವನ್ನು ಖಾಲಿ ಬಿಡು. ಅಂದ ಕೆಡುತ್ತದೆ ಎಂದು ನಿನ್ನ ಮಾವ ಹೇಳಬಹುದು, ಹೇಳಲಿ.

ನನ್ನ ಕಡೆಯ ಕೆಲಸದಲ್ಲಿಯೂ ತಪ್ಪಾಗಿದೆ. ಮೊದಲು ಕಳಿಸಿದ ಚಿತ್ರಗಳನ್ನು ಕಪ್ಪುಬಿಳುಪಿನಲ್ಲಿ ಮಾಡಿದ್ದೆ. ನೀಲಿ ಕಾಗದದ ಮೇಲೆ ಮಾಸಿದ ನೀಲಿ ಶಾಯಿ ಅದರಲ್ಲಿ ಅಳಿಸಿಯೇ ಹೋಗುತ್ತದೆ. ಅವುಗಳನ್ನು ಬಣ್ಣದಲ್ಲಿ, 600 ಡಿಪಿಐನಲ್ಲಿ ಮತ್ತೆ ಮಾಡುತ್ತಿದ್ದೇನೆ. ಹಿಂದಿನ ಪುಟದ ಬರಹ ಮೂಡುವ ತೆಳು ಹಾಳೆಗಳಿಗೆ ಬೆನ್ನಿಗೆ ಒಂದು ಕಪ್ಪು ಕಾಗದ ಇಟ್ಟರೆ ಆ ನೆರಳು ಕಡಿಮೆಯಾಗುತ್ತದೆ, ಇದು ತಡವಾಗಿ ತಿಳಿಯಿತು. ಹರಿದ ಕೆಲವು ಪತ್ರಗಳಿಗೆ ನಾನು ಹಿಂದೆ ಸೆಲೋಟೇಪು ಹಚ್ಚಿದ್ದೆ. ಅದು ಈಗ ಚಹಾದ ಬಣ್ಣಕ್ಕೆ ತಿರುಗಿ, ಕೆಳಗಿನ ಅಕ್ಷರಗಳನ್ನು ನುಂಗಿದೆ. ಅಲ್ಲೆಲ್ಲ ನಿನಗೆ ಆವರಣ ಬೇಕಾದೀತು. ಅದು ನನ್ನ ಪಾಪ, ನಿನ್ನದಲ್ಲ.

ಇಷ್ಟು ಬರೆದ ಮೇಲೂ ಒಂದು ಸಂಶಯ ಹೋಗುವುದಿಲ್ಲ. ಅವರು ನನ್ನನ್ನು ಕರೆದಿದ್ದರು ಎಂಬುದು ಈ ವಯಸ್ಸಿನಲ್ಲಿ ನನಗೆ ಬೇಕಾಗಿದೆಯೇನೋ. ಅದಕ್ಕೇ ಆ ಕೊಕ್ಕೆ ಕೊಂಬಾಗಿ ಕಾಣುತ್ತಿದೆಯೇನೋ. ಆ ಇನ್‌ಲ್ಯಾಂಡನ್ನು ಬೇರೆಯಾಗಿ ಎತ್ತಿಟ್ಟಿದ್ದೇನೆ. ದೀಪಾವಳಿಗೆ ಬಂದಾಗ ಕಿಟಕಿಗೆ ಹಿಡಿದು ನೀನೂ ನೋಡು. ನಿನ್ನ ಕಣ್ಣಿಗೆ ಕಂಡದ್ದನ್ನು ಮೊದಲು ಒಂದು ಚೀಟಿಯಲ್ಲಿ ಬರೆದಿಡು, ನನ್ನ ಜೊತೆ ಮಾತಾಡುವುದು ಆಮೇಲೆ.

ನಿನ್ನ ಅಜ್ಜಿ